ಯುಸೀಡ್ ತಯಾರಿ: ಮೇಲ್ಮೈ ಎಣಿಕೆ ಮತ್ತು ಕಣ್ಣಿನ ಮಟ್ಟ

ವಿನ್ಯಾಸದ ಪದವಿ ಕೋರ್ಸುಗಳ ಪ್ರವೇಶಕ್ಕಾಗಿ ಬಾಂಬೆ ಐಐಟಿ ನಡೆಸುವ ಯುಸೀಡ್ ಪರೀಕ್ಷೆಗೆ ನಾನು ತಯಾರಿ ಆರಂಭಿಸಿದಾಗ ಕೈಯಲ್ಲಿದ್ದುದು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಮತ್ತು ಅವುಗಳ ಉತ್ತರಸೂಚಿಗಳು ಮಾತ್ರ. 2023ರ ಪತ್ರಿಕೆಯಲ್ಲಿ ಗಣಕದ ಮೇಲೆ ಬರೆಯುವ ‘ಎ’ ಭಾಗಕ್ಕೆ ಎರಡೂವರೆ ಗಂಟೆಯೂ ಚಿತ್ರ ಬಿಡಿಸುವ ‘ಬಿ’ ಭಾಗಕ್ಕೆ ಅರ್ಧ ಗಂಟೆಯೂ ಇದ್ದವು. 2024ರಿಂದ ಮೊದಲನೆಯದು ಎರಡು ಗಂಟೆಗೆ ಇಳಿದು, ಎರಡನೆಯದರಲ್ಲಿ ಒಂದು ಗಂಟೆಗೆ ಎರಡು ಪ್ರಶ್ನೆಗಳಾದವು. ಆದ್ದರಿಂದ ಹಳೆಯ ಪತ್ರಿಕೆಯನ್ನು ಇಡಿಯಾಗಿ ಬರೆಯುವ ಬದಲು, ಅದರಿಂದ ಆಕೃತಿಯ ಆರು ಪ್ರಶ್ನೆಗಳನ್ನು ಆರಿಸಿ ಹದಿನೈದು ನಿಮಿಷದ ಒಂದೊಂದು ಸುತ್ತು ಮಾಡಿಕೊಂಡೆ.

ಮೊದಲ ಸುತ್ತಿನಲ್ಲಿ ಎರಡು ಉತ್ತರಗಳು ಮಾತ್ರ ಸರಿಯಾದವು. ಅಂಕಿಯನ್ನೇ ತುಂಬಬೇಕಾದ ‘ನ್ಯಾಟ್’ ಪ್ರಶ್ನೆಗಳಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದರೂ, ನೋಡಿ ಎಚ್ಚರಗೊಳ್ಳಲು ಆಯ್ಕೆಗಳೂ ಇರುವುದಿಲ್ಲ. ಹದಿನಾರು ಎಂಬಲ್ಲಿ ಹದಿನೈದು ಬರೆದವನಿಗೂ ಐವತ್ತು ಬರೆದವನಿಗೂ ಸಿಗುವುದು ಸೊನ್ನೆಯೇ. ನನ್ನ ತಪ್ಪುಗಳಲ್ಲಿ ಹೆಚ್ಚಿನವು, ಒಂದು ಘನಾಕೃತಿಯಲ್ಲಿ ಎಷ್ಟು ಮೇಲ್ಮೈಗಳಿವೆ ಎಂದು ಕೇಳುವ ಪ್ರಶ್ನೆಗಳಲ್ಲಿದ್ದವು.

ಇದಕ್ಕೆ ಕಾರಣ ತಿಳಿಯಲು ಬಟ್ಟೆ ಸೋಪಿನ ತುಂಡೊಂದನ್ನು ಘನವಾಗಿ ಕತ್ತರಿಸಿಕೊಂಡೆ. ಮುಂದಿನಿಂದ ಹಿಂದಕ್ಕೆ ನಡುವಿನಲ್ಲಿ ಒಂದು ಚೌಕ ರಂಧ್ರ ಕೊರೆದರೆ ಹೊರಗೆ ಆರು, ಒಳಗೆ ನಾಲ್ಕು, ಒಟ್ಟು ಹತ್ತು ಮೇಲ್ಮೈಗಳು. ಇದರಲ್ಲಿ ಯಾರೂ ಎಡವುವುದಿಲ್ಲ. ಎಡದಿಂದ ಬಲಕ್ಕೆ ಅಷ್ಟೇ ಅಳತೆಯ ಇನ್ನೊಂದು ರಂಧ್ರ ಕೊರೆದು ಎರಡೂ ನಡುವಿನಲ್ಲಿ ಸಂಧಿಸಿದಾಗ ಎಷ್ಟಾಗುತ್ತವೆ? ಒಳಗಿನ ನಾಲ್ಕು ಕೈಗಳಿಗೆ ತಲಾ ನಾಲ್ಕು ಗೋಡೆಗಳೆಂದು ಹದಿನಾರನ್ನು ಆರಕ್ಕೆ ಕೂಡಿಸಿ ನಾನು ಇಪ್ಪತ್ತೆರಡು ಎಂದಿದ್ದೆ. ಸೋಪಿನೊಳಗೆ ಪೆನ್ನಿನ ತುದಿ ಆಡಿಸಿದಾಗ ತಪ್ಪು ಗೊತ್ತಾಯಿತು: ನಾಲ್ಕೂ ಕೈಗಳ ನೆಲ, ನಡುವಿನ ನೆಲದೊಂದಿಗೆ ಸೇರಿ, ಕೂಡಿಸುವ ಚಿಹ್ನೆಯ ಆಕಾರದ ಒಂದೇ ಮೇಲ್ಮೈಯಾಗಿತ್ತು. ಮೇಲಿನ ಚಾವಣಿಯೂ ಹಾಗೆಯೇ. ಹೀಗಾಗಿ ಒಳಗೆ ಇರುವುದು ಎಂಟು ಪಕ್ಕದ ಗೋಡೆಗಳು, ಒಂದು ನೆಲ, ಒಂದು ಚಾವಣಿ, ಅಂದರೆ ಹತ್ತು. ಹೊರಗಿನ ಆರು ಸೇರಿ ಒಟ್ಟು ಹದಿನಾರು.

ಅಂದಿನಿಂದ ರಂಧ್ರಗಳನ್ನು ಎಣಿಸುವುದನ್ನು ಬಿಟ್ಟು ದಿಕ್ಕುಗಳನ್ನು ಎಣಿಸತೊಡಗಿದೆ. ಮೇಲಕ್ಕೆ ಮುಖ ಮಾಡಿದ ಮೇಲ್ಮೈಗಳೆಷ್ಟು, ಕೆಳಕ್ಕೆಷ್ಟು, ಉಳಿದ ನಾಲ್ಕು ದಿಕ್ಕುಗಳಿಗೆ ಎಷ್ಟೆಷ್ಟು ಎಂದು ಆರು ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳುವುದು. ಒಂದೇ ಸಮತಲದಲ್ಲಿದ್ದು ಅಂಚಿನಲ್ಲಿ ಕೂಡಿಕೊಂಡಿರುವುದನ್ನು ಒಂದೇ ಎಂದು ಎಣಿಸುವುದು. ಮೇಲಿನ ಘನಕ್ಕೆ 2, 2, 3, 3, 3, 3 ಬರುತ್ತದೆ. ಮೇಲಿನಿಂದ ಕೆಳಕ್ಕೆ ಮೂರನೆಯ ರಂಧ್ರವನ್ನೂ ಕೊರೆದರೆ ಆ ಒಂದೇ ನೆಲ ನಡುವಿನಲ್ಲಿ ತೂತಾಗಿ, ಮೂಲೆಯ ಬಿಂದುಗಳಲ್ಲಷ್ಟೇ ತಾಗುವ ನಾಲ್ಕು ತುಂಡುಗಳಾಗುತ್ತದೆ. ಆಗ ಪ್ರತಿ ದಿಕ್ಕಿಗೂ ಐದರಂತೆ ಮೂವತ್ತು. ಆಕೃತಿ ಸಮರೂಪವಾಗಿದ್ದೂ ಆರು ಅಂಕಿಗಳಲ್ಲಿ ಒಂದು ಬೇರೆಯಾಗಿ ಕಂಡರೆ, ಎಲ್ಲೋ ಒಂದು ಗೋಡೆ ತಪ್ಪಿದೆ ಎಂದು ಅಲ್ಲಿಯೇ ತಿಳಿಯುತ್ತದೆ. ಓರೆಯಾಗಿ ಕತ್ತರಿಸಿದ ಅಥವಾ ದುಂಡಗಿನ ಮೇಲ್ಮೈಗಳು ಈ ಆರರಲ್ಲಿ ಕೂರುವುದಿಲ್ಲ. ಅವಕ್ಕೆ ಏಳನೆಯ ಮನೆಯೊಂದನ್ನು ಇಟ್ಟುಕೊಂಡೆ.

ಇನ್ನೊಂದು ಎಡವಟ್ಟೂ ಆಗಿತ್ತು. ಆರಂಭದಲ್ಲಿ ಮುದ್ರಿತ ಹಾಳೆಯ ಚಿತ್ರದ ಮೇಲೆಯೇ ಗುರುತು ಹಾಕುತ್ತಾ ಎಣಿಸುತ್ತಿದ್ದೆ. ಪರದೆಯ ಮೇಲಿನ ಚಿತ್ರಕ್ಕೆ ಗುರುತು ಹಾಕಲಾಗದು ಎಂಬುದು ತಡವಾಗಿ ಹೊಳೆದು, ನಂತರದ ಸುತ್ತುಗಳನ್ನೆಲ್ಲ ಪರದೆ ನೋಡಿಕೊಂಡೇ ಮಾಡಿದೆ. ಮೊದಲ ಕೆಲವು ದಿನ ಅಂಕ ಇಳಿದವು.

ಚಿತ್ರದ ಪ್ರಶ್ನೆಗೆ ಅರ್ಧ ಗಂಟೆಯ ಸುತ್ತು. ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತು ಕಾಣುವ ನೋಟವೆಂದು ನಾನೇ ಒಂದು ಪ್ರಶ್ನೆ ಹಾಕಿಕೊಂಡು ಬಿಡಿಸಿದ್ದೆ. ಬಸ್ಸು, ಹೂವಿನ ಬುಟ್ಟಿ, ಜನ ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಆದರೆ ಹತ್ತಿರದವರ ತಲೆಯೂ ದೂರದವರ ತಲೆಯೂ ಒಂದೇ ಗೆರೆಯಲ್ಲಿದ್ದವು. ಅದು ನಿಂತು ನೋಡುವವನ ನೋಟ. ಕುಳಿತವನ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುವುದರಿಂದ, ನಿಂತವರು ಹತ್ತಿರವಿರಲಿ ದೂರವಿರಲಿ, ದಿಗಂತ ರೇಖೆ ಅವರೆಲ್ಲರ ಎದೆಯ ಮೇಲೆಯೇ ಹಾಯಬೇಕು. ಹತ್ತಿರದವರ ತಲೆ ಮೇಲಕ್ಕೂ ಪಾದ ಕೆಳಕ್ಕೂ ಚಾಚಿಕೊಂಡಿರಬೇಕು. ಪ್ರಶ್ನೆಯಲ್ಲಿ ನೋಡುವವನ ಜಾಗವನ್ನು ಹೇಳಿದ್ದರೆ ಅದನ್ನು ತಪ್ಪಿದ ಚಿತ್ರಕ್ಕೆ ನೆರಳು ಎಷ್ಟು ತುಂಬಿದರೂ ಪ್ರಯೋಜನವಿಲ್ಲವೆಂದು ನನ್ನ ಅಭಿಪ್ರಾಯ. ಹಾಗಾಗಿ ಮೊದಲ ಐದು ನಿಮಿಷವನ್ನು ಅಂಗೈ ಅಗಲದ ಎರಡು ಕಚ್ಚಾ ಚಿತ್ರಗಳಿಗೆ ಮೀಸಲಿಟ್ಟು, ಆ ರೇಖೆ ಎಳೆದು, ಅದು ಯಾರ ಎದೆ, ಯಾವ ಕಿಟಕಿ, ಯಾವ ಕಂಬದ ಮೇಲೆ ಹಾಯುತ್ತದೆ ಎಂದು ಚುಕ್ಕಿ ಇಟ್ಟ ಮೇಲಷ್ಟೇ ದೊಡ್ಡ ಹಾಳೆಗೆ ಕೈ ಹಾಕುತ್ತಿದ್ದೆ. ನೆರಳಿಗೆ ಉಳಿಯುತ್ತಿದ್ದುದು ಕೊನೆಯ ಆರೇಳು ನಿಮಿಷ. ಹಲವು ಚಿತ್ರಗಳಲ್ಲಿ ಬಸ್ಸಿನ ಹಿಂಭಾಗ ಬಿಳಿಯಾಗಿಯೇ ಉಳಿದಿದೆ.