ಮಾರ್ಚ್ ಸಂಬಳದಲ್ಲಿ 1,776 ರೂಪಾಯಿ ಕಡಿತ: ನನ್ನ ಮೆಡಿಕಲ್ ಬಿಲ್ ಅನುಭವ

2017ರ ಮಾರ್ಚ್ ಸಂಬಳ ಬಂದಾಗ ಟಿಡಿಎಸ್ ಬೇರೆ ತಿಂಗಳಿಗಿಂತ ಜಾಸ್ತಿ ಇತ್ತು. ಪೇಸ್ಲಿಪ್ ತೆಗೆದು ನೋಡಿದೆ. 1,776 ರೂಪಾಯಿ ಹೆಚ್ಚು ಕಡಿದಿದ್ದರು. ಅಕೌಂಟ್ಸ್‌ನವರನ್ನು ಕೇಳಿದರೆ ಒಂದೇ ಮಾತು: "ಮೆಡಿಕಲ್ ಬಿಲ್ ಪೂರ್ತಿ ಕೊಟ್ಟಿಲ್ಲ ಸರ್."

ಆಗ ನಿಯಮ ಹೀಗಿತ್ತು. ನಮಗೂ ಮನೆಯವರಿಗೂ ಆದ ವೈದ್ಯಕೀಯ ಖರ್ಚನ್ನು ಕಂಪನಿ ಬಿಲ್ ನೋಡಿ ವಾಪಸ್ ಕೊಟ್ಟರೆ ವರ್ಷಕ್ಕೆ 15,000 ರೂಪಾಯಿವರೆಗೆ ತೆರಿಗೆ ಇಲ್ಲ. ಮನೆಯವರು ಅಂದರೆ ಹೆಂಡತಿ ಅಥವಾ ಗಂಡ, ಮಕ್ಕಳು, ನಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ. ನಮ್ಮ ಕಂಪನಿ ಇದನ್ನು ತಿಂಗಳಿಗೆ 1,250ರಂತೆ ಸಂಬಳದ ಜೊತೆಗೇ ಹಾಕುತ್ತಿತ್ತು, ಬಿಲ್ ಬರುತ್ತದೆ ಅಂತ ನಂಬಿ ವರ್ಷವಿಡೀ ಅದಕ್ಕೆ ತೆರಿಗೆ ಹಿಡಿಯುತ್ತಿರಲಿಲ್ಲ, ಕೊನೆಗೆ ಬಿಲ್ ಬಾರದಷ್ಟು ಮೊತ್ತವನ್ನು ತೆರಿಗೆ ಬೀಳುವ ಸಂಬಳಕ್ಕೆ ಸೇರಿಸಿ ಮಾರ್ಚ್‌ನಲ್ಲಿ ಒಟ್ಟಿಗೆ ಕಡಿಯುತ್ತಿತ್ತು. ಕೆಲವು ಕಂಪನಿಗಳು ಆ ಹಣವನ್ನು ತಡೆಹಿಡಿದು ಬಿಲ್ ಕೊಟ್ಟಾಗಲೇ ಕೊಡುತ್ತಿದ್ದವು, ಉಳಿದದ್ದನ್ನು ಮಾರ್ಚ್‌ನಲ್ಲಿ ತೆರಿಗೆ ಹಿಡಿದು ಕೊಡುತ್ತಿದ್ದವು. ಲೆಕ್ಕ ಎರಡರಲ್ಲೂ ಒಂದೇ.

ನನ್ನ ಲೆಕ್ಕ ನೋಡಿ. ಅವರು ಒಪ್ಪಿದ ಬಿಲ್ 6,380. ಉಳಿದದ್ದು 8,620. ನಾನು 20 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದೆ, ಅದರ ಮೇಲೆ 3 ಪರ್ಸೆಂಟ್ ಸೆಸ್ ಸೇರಿದರೆ 20.6. ಅಲ್ಲಿಗೆ 1,776.

ಇಲ್ಲಿ ತುಂಬಾ ಜನ ಎಡವುತ್ತಿದ್ದರು. 8,620 ರೂಪಾಯಿ ಕೈತಪ್ಪಿ ಹೋಗಿಲ್ಲ, ಅದು ನಮ್ಮ ಸಂಬಳವೇ, ನಮಗೇ ಬಂದಿದೆ. ಹೋಗಿದ್ದು ಅದರ ಮೇಲಿನ ತೆರಿಗೆ ಮಾತ್ರ. ಮಿತಿ ತುಂಬಿಸಬೇಕು ಅಂತ ಬೇಡದ ಔಷಧಿ ಕೊಂಡರೆ 1,776 ಉಳಿಸಲು 8,620 ಖರ್ಚು ಮಾಡಿದ ಹಾಗೆ ಆಗುತ್ತಿತ್ತು ಅಲ್ವಾ? ಸುಳ್ಳು ಬಿಲ್ಲಿನ ದಾರಿಯಂತೂ ನನಗೆ ಬೇಡವೇ ಬೇಡ ಅನ್ನಿಸಿತ್ತು. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಖರ್ಚು ನಿಜವಾಗಿಯೂ ಆಗಿತ್ತು. ಅಮ್ಮನ ಬಿಪಿ ಮಾತ್ರೆಗೇ ತಿಂಗಳಿಗೆ 700 ಹೋಗುತ್ತಿತ್ತು, ಬಿಲ್ ಮಾತ್ರ ಇರಲಿಲ್ಲ.

ಮುಂದಿನ ವರ್ಷ ಏಪ್ರಿಲ್‌ನಿಂದಲೇ ಶುರು ಮಾಡಿದೆ. ಅಂಗಡಿಯಲ್ಲಿ ಪ್ರತಿ ಸಲ ಬಿಲ್ ಕೇಳಿ, ಅದರಲ್ಲಿ ಅಮ್ಮನ ಹೆಸರು, ತಾರೀಖು ಬರೆಸಿಕೊಂಡೆ. ಹಿಂದಿನ ವರ್ಷ ಹೆಸರಿಲ್ಲದ ನಾಲ್ಕು ಬಿಲ್ ವಾಪಸ್ ಬಂದಿದ್ದವು. ಡಾಕ್ಟರ್ ಚೀಟಿಯ ಒಂದು ಜೆರಾಕ್ಸ್ ಜೊತೆಗಿಟ್ಟೆ. ಮಷಿನ್‌ನಲ್ಲಿ ಬರುವ ತೆಳು ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು ಏನೂ ಕಾಣದಂತಾಗುತ್ತದೆ, ಅದಕ್ಕೇ ತಂದ ದಿನವೇ ಅದರದ್ದೂ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಮಾಡುತ್ತಿದ್ದೆ. ಸೋಪು, ಪೌಡರ್, ಹಾಲಿಗೆ ಹಾಕುವ ಪುಡಿ ಇಂಥವನ್ನು ಬೇರೆ ಬಿಲ್ ಮಾಡಿಸಿದೆ, ಇಲ್ಲದಿದ್ದರೆ ಅವರು ಅದನ್ನು ಕೆಂಪು ಪೆನ್ನಲ್ಲಿ ಹೊಡೆದು ಕಳೆಯುತ್ತಿದ್ದರು. ಇನ್ಶೂರೆನ್ಸ್‌ನಿಂದ ದುಡ್ಡು ಬಂದಿದ್ದ ಬಿಲ್ ಇಡಲಿಲ್ಲ, ಒಂದೇ ಖರ್ಚಿಗೆ ಎರಡು ಸಲ ಕೇಳುವ ಹಾಗಿಲ್ಲ.

ಕೊನೆಯ ದಿನಾಂಕದ್ದೇ ದೊಡ್ಡ ತೊಂದರೆ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಆದರೆ ನಮ್ಮಲ್ಲಿ ಬಿಲ್ ಕೊಡಲು ಫೆಬ್ರವರಿ 15 ಕೊನೆ. ಆಮೇಲಿನ ಬಿಲ್ ಈ ವರ್ಷಕ್ಕೆ ಸಿಗಲ್ಲ, ಮುಂದಿನ ವರ್ಷಕ್ಕೆ ತಾರೀಖು ಹೊಂದಲ್ಲ, ಉಳಿದ ಮಿತಿಯೂ ಮುಂದಕ್ಕೆ ಹೋಗಲ್ಲ. ಹಾಗಾಗಿ ಹೇಗಿದ್ದರೂ ಮಾಡಿಸಬೇಕಿದ್ದ ಕನ್ನಡಕವನ್ನು ಜನವರಿಯಲ್ಲೇ ಮಾಡಿಸಿದೆ. ಒಟ್ಟು ಬಿಲ್ 16,940 ಆಯಿತು, 15,000 ಒಪ್ಪಿದರು. ಮಾರ್ಚ್‌ನಲ್ಲಿ ಒಂದು ರೂಪಾಯಿಯೂ ಹೆಚ್ಚು ಕಡಿತವಾಗಲಿಲ್ಲ. ಹೀಗೆ ಉಳಿತಾಯವಾದ ತೆರಿಗೆ 3,090.

ಹಿಂದಿನ ವರ್ಷದ ಬಿಟ್ಟುಹೋದ ಬಿಲ್‌ಗಳನ್ನು ರಿಟರ್ನ್‌ನಲ್ಲಿ ತೋರಿಸಬಹುದಾ ಅಂತ ಆಡಿಟರ್ ಹತ್ತಿರ ಕೇಳಿದ್ದೆ. ಬೇಡ ಅಂದರು. ವಿನಾಯಿತಿ ಇರುವುದು ಬಿಲ್ ನೋಡಿ ಕಂಪನಿ ಕೊಡುವ ಹಣಕ್ಕೆ, ಫಾರ್ಮ್ 16ರಲ್ಲಿ ಅದು ಆಗಲೇ ಸಂಬಳ ಅಂತ ಬಂದಾಗಿದೆ, ನೀವೇ ರಿಟರ್ನ್‌ನಲ್ಲಿ ಅದನ್ನು ಸಂಬಳದಿಂದ ಕಳೆದರೆ ನೋಟಿಸ್ ಬಂದಾಗ ತೋರಿಸಲು ಏನೂ ಇರಲ್ಲ ಅಂದರು. ಸರಿ ಅನ್ನಿಸಿತು, ಬಿಟ್ಟೆ.

ಈ 15,000ದ ವಿನಾಯಿತಿ 2018ರ ಏಪ್ರಿಲ್ 1ರಿಂದ ಇಲ್ಲ. ಅದನ್ನೂ ವರ್ಷಕ್ಕೆ 19,200ರ ಸಾರಿಗೆ ಭತ್ಯೆ ವಿನಾಯಿತಿಯನ್ನೂ ತೆಗೆದು, ಬಿಲ್ ಕೇಳದೆ 40,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು. ಎರಡನ್ನೂ ಪೂರ್ತಿ ಪಡೆಯುತ್ತಿದ್ದ ನನ್ನಂಥವರಿಗೆ ಹೆಚ್ಚಾಗಿದ್ದು 5,800 ಮಾತ್ರ. ಬಿಲ್ಲೇ ಕೊಡದವರಿಗೆ 20,800 ಹೆಚ್ಚಾಯಿತು. ಈಗಲೂ ಪೇಸ್ಲಿಪ್‌ನಲ್ಲಿ ಮೆಡಿಕಲ್ ಅಂತ ತಿಂಗಳಿಗೆ 1,250 ಕಾಣುತ್ತಿದ್ದರೆ, ಸಾಮಾನ್ಯ ಔಷಧಿ ಬಿಲ್ ಎಷ್ಟು ಕೊಟ್ಟರೂ ಅದಕ್ಕೆ ತೆರಿಗೆ ಬಿದ್ದೇ ಬೀಳುತ್ತದೆ.