ಗ್ರಾಫಿನ ತಳ ಚಪ್ಪಟೆ ಆಗ್ತಿದ್ರೆ ಹೀಗೆ ಮಾಡಿ

ನಿನ್ನೆ ಸಂಜೆ ಇಲ್ಲಿ ನವನಗರದಲ್ಲಿ ಪಕ್ಕದ ಮನೆ ಹುಡುಗಿ ತನ್ನ ಗ್ರಾಫ್ ಹಾಳೆ ತಂದು ತೋರಿಸಿದಳು. ಲೆಕ್ಕ y = x² − 3x − 4. ಬಿಂದುಗಳೆಲ್ಲ ಸರಿ ಇದ್ದವು, ಆದರೆ ತಳ ಮಾತ್ರ ಬುಟ್ಟಿಯ ಹಾಗೆ ಚಪ್ಪಟೆ! x = 1 ಹಾಕಿದರೂ −6, 2 ಹಾಕಿದರೂ −6. ಎರಡನ್ನೂ ಸ್ಕೇಲ್ ಇಟ್ಟು ಸೇರಿಸಿಬಿಟ್ಟಿದ್ದಳು. ಪೂರ್ಣ ಸಂಖ್ಯೆಗಳನ್ನೇ ಹಾಕುತ್ತಾ ಹೋದರೆ ಹೀಗೇ ಆಗೋದು, ಅಲ್ವಾ?

ಮೊದಲು ಅಪವರ್ತಿಸಿ: (x − 4)(x + 1). ಮೂಲಗಳು 4 ಮತ್ತು −1, ಅಂದರೆ ರೇಖೆ x ಅಕ್ಷವನ್ನು ಅಲ್ಲಿ ದಾಟುತ್ತದೆ. ಶೃಂಗ, ಅಂದರೆ ರೇಖೆ ತಿರುಗುವ ಬಿಂದು, ಯಾವಾಗಲೂ ಇವೆರಡರ ನಟ್ಟನಡುವೆ ಇರುತ್ತದೆ. ಕೂಡಿಸಿದರೆ 3, ಅರ್ಧ ಮಾಡಿದರೆ 1.5. ಅದನ್ನು ಸಮೀಕರಣದಲ್ಲಿ ಹಾಕಿ: 2.25 − 4.5 − 4 = −6.25. ತಳ ಇರೋದು ಇಲ್ಲಿ, −6 ರಲ್ಲಿ ಅಲ್ಲ. ಆ ಕಾಲು ಚೌಕದಷ್ಟು ಇಳಿಸಿದರೆ ಸಾಕು, ತಳ ದುಂಡಗಾಗುತ್ತದೆ.

x = 0 ಆದಾಗ y = −4. ಶೃಂಗದ ಮೂಲಕ ನೇರ ಮೇಲಕ್ಕೆ ಹೋಗುವ ನಡುಗೆರೆಯಿಂದ ಇದು ಎಡಕ್ಕೆ 1.5 ದೂರ. ಬಲಕ್ಕೂ ಅಷ್ಟೇ ದೂರ ಹೋದರೆ (3, −4) ಸುಮ್ನೆ ಸಿಗುತ್ತದೆ. ಈಗ ಐದು ಬಿಂದುಗಳಾದವು. ಸ್ಕೇಲ್ ಪಕ್ಕಕ್ಕಿಟ್ಟು ಕೈಯಲ್ಲೇ ಸೇರಿಸಿ.

ಮೂಲಗಳೇ ಸಿಗದಿದ್ದರೆ? x² − 2x + 5 ರಲ್ಲಿ ಹಾಗೇ ಆಗುತ್ತದೆ, ರೇಖೆ x ಅಕ್ಷವನ್ನು ಮುಟ್ಟುವುದೇ ಇಲ್ಲ. ಆಗ ನಡುಗೆರೆಗೆ −b/(2a) ಬಳಸಿ; a ಅಂದರೆ x² ಮುಂದಿನ ಸಂಖ್ಯೆ, b ಅಂದರೆ x ಮುಂದಿನದು. ಇಲ್ಲಿ x = 1, ಶೃಂಗ (1, 4). ಉಳಿದದ್ದೆಲ್ಲ ಮೇಲಿನಂತೆಯೇ.