ಟ್ಯೂಬ್‌ಲೈಟ್ ನೋಡಿ ರಫ್‌ನೆಸ್ ಪೇಂಟ್ ಮಾಡಿದ್ದು: ಜೀನ್ಸ್ ಹೊಲಿಯುವ ಮಷಿನ್, ನನ್ನ ಅನುಭವ

ಬಣ್ಣಕ್ಕಿಂತ ಮೊದಲು ರಫ್‌ನೆಸ್, ಅಂದರೆ ಮೇಲ್ಮೈ ಎಲ್ಲಿ ಮಂಕು ಎಲ್ಲಿ ಹೊಳಪು ಅನ್ನುವ ಮ್ಯಾಪ್, ಪೇಂಟ್ ಮಾಡ್ತೀನಿ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಸ್ಮಾರ್ಟ್ ಮೆಟೀರಿಯಲ್ ಹಾಕಿ ಸ್ಲೈಡರ್ ಎಳೆದರೆ ಮುಗೀತು, ಕೈಯಲ್ಲಿ ಯಾಕೆ ಅಣ್ಣ?" ಅಂತ ಎಲ್ಲರದ್ದೂ ಒಂದೇ ಮಾತು. ಸ್ಮಾರ್ಟ್ ಮೆಟೀರಿಯಲ್ ಅಂದರೆ ಸವೆತ, ಕೊಳೆ ಎಲ್ಲಾ ತಾನೇ ಹಾಕುವ ರೆಡಿಮೇಡ್ ಮೆಟೀರಿಯಲ್. ಈಗ ನಾನು ಮಾಡಿದ ಆ ಪ್ರಾಪ್, ಅಂದರೆ ವಿಡಿಯೋ ಗೇಮ್‌ನ 3ಡಿ ವಸ್ತು, ಆಟದೊಳಗೆ ಕೂತಿದೆ. ಸ್ಟುಡಿಯೋದವರು ಬಣ್ಣ ಇಲ್ಲದ ಬರೀ ರಫ್‌ನೆಸ್ ಫೈಲ್ ಕೇಳಿ ತೆಗೆದುಕೊಂಡು ತಮ್ಮ ಹುಡುಗರಿಗೆ ತೋರಿಸಿದ್ದಾರೆ. ಅದಕ್ಕೇ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಪ್ರಾಪ್ ಒಂದು ಹೊಲಿಗೆ ಮಷಿನ್. ಮನೆಯದ್ದಲ್ಲ, ಜೀನ್ಸ್ ಹೊಲಿಯುವ ದೊಡ್ಡ ಮಷಿನ್. ಬಳ್ಳಾರಿಯಲ್ಲಿ ಇದಕ್ಕೆ ರೆಫರೆನ್ಸ್ ಹುಡುಕಬೇಕಾಗಿಲ್ಲ, ಕೌಲ್ ಬಜಾರ್ ಕಡೆ ಹೋದರೆ ಸಾಕು. ಬಳಿದ ಎನಾಮಲ್, ಬಣ್ಣ ಹೋದ ಜಾಗದಲ್ಲಿ ಬರೀ ಲೋಹ, ಪಾಲಿಶ್ ಆದ ಸೂಜಿ ತಟ್ಟೆ, ಕ್ರೋಮ್ ಚಕ್ರ, ಎಣ್ಣೆ, ನೂಲಿನ ಧೂಳು, ಎಲ್ಲಾ ಒಂದೂವರೆ ಅಡಿಯೊಳಗೆ ಸಿಗುತ್ತದೆ. ಎಲ್ಲಿ ಲೋಹ ಎಲ್ಲಿ ಅಲ್ಲ ಅಂತ ಹೇಳುವ ಮೆಟಾಲಿಕ್ ಮ್ಯಾಪ್, ರಫ್‌ನೆಸ್ ಎರಡಕ್ಕೂ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ?

ಮೊದಲ ಸಲ ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಮೂರ್ನಾಲ್ಕು ಸಾವಿರ ಕೊಟ್ಟು ಮೆಟೀರಿಯಲ್ ಪ್ಯಾಕ್ ತಗೊಂಡು ಹಾಕಿದೆ. ಸ್ಟುಡಿಯೋದಿಂದ "ಆಟಿಕೆ ಥರ ಇದೆ" ಅಂತ ವಾಪಸ್ ಬಂತು. ಕಾರಣ ಕೂತು ನೋಡಿದರೆ ಗೊತ್ತಾಗುತ್ತದೆ. ಅಂಚಿನ ಸವೆತ ಹಾಕುವ ಎಡ್ಜ್ ವೇರ್ ಜನರೇಟರ್ ಮುಖ್ಯವಾಗಿ ನೋಡುವುದು ಕರ್ವೇಚರ್, ಅಂದರೆ ಮೇಲ್ಮೈ ಎಲ್ಲಿ ಬಾಗಿದೆ ಅನ್ನುವುದು. ಎಲ್ಲಿ ಅಂಚಿದೆಯೋ ಅಲ್ಲೆಲ್ಲ ಬಣ್ಣ ಕೀಳುತ್ತದೆ. ಯಾರ ಕೈಯೂ ತಾಗದ ಹಿಂಭಾಗದ ಅಂಚಿಗೂ, ದಿನವಿಡೀ ಉಜ್ಜುವ ಮುಂಭಾಗದ ಅಂಚಿಗೂ ಅದಕ್ಕೆ ವ್ಯತ್ಯಾಸವೇ ಇಲ್ಲ. ಇದರಿಂದ ಕೆಲಸದ ದುಡ್ಡು ಬರುವುದು ತಡವಾಯಿತು, ಪ್ಯಾಕ್‌ನ ದುಡ್ಡೂ ಹೋಯಿತು.

ಆಮೇಲೆ ನಮ್ಮ ಮಾಮನ ವರ್ಕ್‌ಶಾಪಿಗೆ ಹೋದೆ. "ಏನಪ್ಪಾ, ಅಷ್ಟೊತ್ತು ಮಷಿನ್ ಏನ್ ನೋಡ್ತಿ?" ಅಂದರು. ಬಣ್ಣ ಎಲ್ಲಿ ಮೊದಲು ಹೋಗ್ತದೆ ಅಂತ ಕೇಳಿದೆ. "ಸೂಜಿ ಹತ್ರ ಅಲ್ಲ. ಪ್ಯಾಂಟ್ ಎಳಕೊಂಡು ಹೋಗೋ ಕಡೆ, ಈ ಮುಂದಿನ ಅಂಚು" ಅಂತ ಬೆರಳಿಟ್ಟು ತೋರಿಸಿದರು. ಆ ಅಂಚಿನಲ್ಲಿ ಲೋಹ ಕಾಣುತ್ತಿತ್ತು. ಅದರ ಹಿಂದಿನ ಮೂರು ಬೆರಳಗಲದ ಪಟ್ಟಿಯಲ್ಲಿ ಬಣ್ಣ ಇನ್ನೂ ಇತ್ತು. ಆದರೆ ಡೆನಿಮ್ ಉಜ್ಜಿ ಉಜ್ಜಿ ಅದು ಹೊಸದಕ್ಕಿಂತ ನುಣುಪಾಗಿತ್ತು, ಜೊತೆಗೆ ತೆಳುವಾಗಿ ನೀಲಿ ಹತ್ತಿತ್ತು. ಹಳೇದು ಅಂದರೆ ಒರಟು ಅಂತ ಸುಮ್ನೆ ರಫ್‌ನೆಸ್ ಏರಿಸಿದರೆ ಇಲ್ಲಿ ಉಲ್ಟಾ ಆಗುತ್ತದೆ. ಬಟ್ಟೆ ಓಡಾಡುವ ಜಾಗ ಹೊಳೆಯುತ್ತದೆ. ಯಾರೂ ಮುಟ್ಟದ ಮೇಲ್ಭಾಗವೇ ಎಣ್ಣೆ ಜಿಡ್ಡು, ಧೂಳು ಕೂತು ಮಂಕಾಗುತ್ತದೆ.

ಮಂಕು, ಹೊಳಪು ಅಂತ ಕಣ್ಣಿಗೆ ಗೊತ್ತಾಯಿತು. ಆದರೆ ಎಷ್ಟು? ರಫ್‌ನೆಸ್‌ನಲ್ಲಿ 0 ಅಂದರೆ ಕನ್ನಡಿ, 1 ಅಂದರೆ ಪೂರ್ತಿ ಮಂಕು. 0.2 ಇರಬೇಕಾ, 0.4 ಇರಬೇಕಾ? ಇಲ್ಲಿ ಕೈ ಹಿಡಿದದ್ದು ವರ್ಕ್‌ಶಾಪಿನ ಟ್ಯೂಬ್‌ಲೈಟ್.

ಮಷಿನ್ ಸಾಲಿನ ಮೇಲೆ ಮೂರು ಮೂರೂವರೆ ಅಡಿ ಎತ್ತರಕ್ಕೆ ನಾಲ್ಕಡಿ ಟ್ಯೂಬ್ ನೇತುಹಾಕಿರುತ್ತಾರೆ. ಅದರ ಪ್ರತಿಬಿಂಬ ಮಷಿನ್‌ನ ಚಪ್ಪಟೆ ಹಾಸಿನ ಮೇಲೆ ಬೀಳುತ್ತದೆ. ಆ ಬಿಳಿ ಗೆರೆಯ ಅಂಚು ಎಷ್ಟು ಹರಡಿದೆ ಅನ್ನುವುದೇ ರಫ್‌ನೆಸ್. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅದೇ ಅಳತೆಯ ಟ್ಯೂಬ್ ಮಾಡಿದೆ, 1.2 ಮೀಟರ್ ಉದ್ದ, 26 ಮಿಲಿಮೀಟರ್ ದಪ್ಪ, ತಾನೇ ಬೆಳಗುವ ಬರೀ ಎಮಿಷನ್. ಅದನ್ನು ಅದೇ ಎತ್ತರಕ್ಕೆ ತೂಗುಹಾಕಿ, ಕೆಳಗೆ 0.1ರಿಂದ 0.9ರವರೆಗೆ ಒಂಬತ್ತು ಚೌಕದ ಒಂದು ಪಟ್ಟಿ ಇಟ್ಟೆ. ಬಣ್ಣದ ಜಾಗಕ್ಕೆ ಮೆಟಾಲಿಕ್ 0 ಇರುವ ಒಂದು ಪಟ್ಟಿ, ಲೋಹಕ್ಕೆ 1 ಇರುವ ಇನ್ನೊಂದು. ಫೋಟೋ ತೆಗೆದ ಕೋನಕ್ಕೇ ಕ್ಯಾಮೆರಾ ಇಟ್ಟು ರೆಂಡರ್ ಮಾಡಿ, ಫೋಟೋ ಪಕ್ಕಕ್ಕಿಟ್ಟು ಹೋಲಿಸಿದೆ. ಯಾವ ಚೌಕದ ಗೆರೆ ಫೋಟೋದ ಗೆರೆಯಷ್ಟೇ ಹರಡಿದೆಯೋ ಅದೇ ನನ್ನ ಸಂಖ್ಯೆ. ಬ್ಲೆಂಡರ್‌ನ ಪ್ರಿನ್ಸಿಪಲ್ಡ್ ಶೇಡರ್, ಆಟ ಓಡುವ ಅನ್‌ರಿಯಲ್ ಎಂಜಿನ್ ಎರಡೂ ರಫ್‌ನೆಸ್ ಸಂಖ್ಯೆಯನ್ನು ವರ್ಗ ಮಾಡಿಯೇ ಬಳಸುತ್ತವೆ. ಹಾಗಾಗಿ ಇಲ್ಲಿ ಸಿಕ್ಕ ಅಂಕಿ ಅಲ್ಲೂ ನಡೆಯುತ್ತದೆ.

ಎರಡು ಎಚ್ಚರಿಕೆ. ಫೋನಿನ ಎಕ್ಸ್‌ಪೋಶರ್ ಲಾಕ್ ಮಾಡಿ ಚೆನ್ನಾಗಿ ಕತ್ತಲೆ ಮಾಡಿ ತೆಗೆಯಬೇಕು. ಬಿಳಿ ಸುಟ್ಟು ಹೋದರೆ ಗೆರೆ ದಪ್ಪ ಕಾಣುತ್ತದೆ, ರಫ್‌ನೆಸ್ ಇರುವುದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಇನ್ನೊಂದು, ಈ ಅಳತೆ ಚಪ್ಪಟೆ ಜಾಗಕ್ಕೆ ಮಾತ್ರ. ಮಷಿನ್‌ನ ತೋಳು ಬಾಗಿದೆ, ಅಲ್ಲಿ ಪ್ರತಿಬಿಂಬವೇ ಹಿಂಡಿಕೊಳ್ಳುತ್ತದೆ. ಅದಕ್ಕೆ ಪಟ್ಟಿ ಬಿಟ್ಟು, ನನ್ನ ಮಾಡೆಲ್‌ನ ತೋಳಿಗೇ ಒಂದೊಂದೇ ಸಂಖ್ಯೆ ಕೊಟ್ಟು ನೋಡಿದೆ.

ಸಿಕ್ಕ ಅಂಕಿಗಳು ನೆನಪಿರುವಷ್ಟು ಹೇಳುತ್ತೇನೆ. ಉಜ್ಜಿದ ಎನಾಮಲ್ 0.2ರ ಹತ್ತಿರ. ಬಟ್ಟೆ ತಾಗದ ಎನಾಮಲ್ 0.35. ತೋಳಿನ ಮೇಲಿನ ಜಿಡ್ಡು 0.5, 0.55. ನೂಲಿನ ಧೂಳು 0.9ರ ಮೇಲೆ. ಸೂಜಿ ತಟ್ಟೆ 0.2 ಇರಬಹುದು, ಆದರೆ ಗೀರುಗಳೆಲ್ಲ ಬಟ್ಟೆ ಸಾಗುವ ದಿಕ್ಕಿಗೇ ಇರಬೇಕು. ಅಡ್ಡಾದಿಡ್ಡಿ ಗೀರು ಹಾಕಿದರೆ ಅದು ತಟ್ಟೆ ಅನ್ನಿಸುವುದೇ ಇಲ್ಲ. ಹಸಿ ಎಣ್ಣೆ 0.1ಕ್ಕಿಂತ ಕಡಿಮೆ.

ಪೇಂಟ್ ಮಾಡುವಾಗ ಬೇಸ್ ಕಲರ್ ಪೂರ್ತಿ ಒಂದೇ ಬೂದು ಇಟ್ಟಿದ್ದೆ. ಅದೇ ನಕಲಿ ಟ್ಯೂಬ್ ಮಾಡೆಲ್ ಮೇಲೆ ನೇತಾಡುತ್ತಿತ್ತು. ಕ್ರಿತಾ ಅನ್ನುವ ಪೇಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಬಳಿದು, ಉಳಿಸಿ, ಬ್ಲೆಂಡರ್‌ನಲ್ಲಿ ಮತ್ತೆ ಲೋಡ್ ಮಾಡಿ, ಟ್ಯೂಬನ್ನು ಹಿಂದೆ ಮುಂದೆ ಸರಿಸುತ್ತಿದ್ದೆ. ರಫ್‌ನೆಸ್ ನಿಂತ ಚಿತ್ರದಲ್ಲಿ ಪೂರ್ತಿ ಕಾಣಲ್ಲ, ಬೆಳಕು ಜಾರುವಾಗ ಕಾಣುತ್ತದೆ. ಬಣ್ಣವೇ ಇಲ್ಲದೆ "ಇದು ವರ್ಕ್‌ಶಾಪ್ ಮಷಿನ್" ಅನ್ನಿಸುವವರೆಗೂ ಬಣ್ಣದ ಲೇಯರ್ ತೆರೆಯಲಿಲ್ಲ. ಜಿಡ್ಡಿನ ಅಂಚಿಗೆ ಬಳಸಿದ ಬ್ರಷ್ ಹೇಗೆ ಮಾಡಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದರಿಂದಲೇ ನನಗೆ ಕೆಲಸ ಬರುತ್ತಿದೆ.

ಮೆಟಾಲಿಕ್ ಮ್ಯಾಪ್ ಇದಕ್ಕಿಂತ ಸುಲಭ, ಅಂಚು ಒಂದನ್ನು ಬಿಟ್ಟು. ಲೋಹ ಇದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು. ಧೂಳು ಕಪ್ಪು, ತುಕ್ಕು ಕಪ್ಪು, ಬಣ್ಣ ಕಪ್ಪು. ಆದರೆ ಬಣ್ಣ ಹೋದ ಜಾಗದ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಬೂದು ಉಳಿದೇ ಉಳಿಯುತ್ತದೆ. ದೂರದಿಂದ ನೋಡುವಾಗ ಎಂಜಿನ್ ಬಳಸುವ ಚಿಕ್ಕ ಪ್ರತಿ, ಅಂದರೆ ಮಿಪ್‌ಮ್ಯಾಪ್, ಆದ ಮೇಲೆ ಇನ್ನೂ ಅಗಲವಾಗುತ್ತದೆ. ಆ ಅರೆಬರೆ ಪಿಕ್ಸೆಲ್‌ನಲ್ಲಿ ಬಣ್ಣದ ಕ್ರೀಮ್ ಲೋಹದ ಪ್ರತಿಫಲನವಾಗಿಬಿಡುತ್ತದೆ, ಸುತ್ತ ಒಂದು ಬಿಳಿ ಗೆರೆ ಎಳೆದ ಹಾಗೆ ಕಾಣುತ್ತದೆ. ಬಣ್ಣ ಗಾಢವಾಗಿದ್ದರೆ ಕಪ್ಪು ಗೆರೆ.

ಬ್ರಷ್ ಎಷ್ಟು ಚೂಪು ಮಾಡಿದರೂ ಇದು ಪೂರ್ತಿ ಹೋಗಲಿಲ್ಲ. 4ಕೆಯಲ್ಲಿ ಬಳಿದು 2ಕೆಗೆ ಇಳಿಸಿದೆ, ಸ್ವಲ್ಪ ಕಡಿಮೆಯಾಯಿತು ಅಷ್ಟೇ. ಉತ್ತರ ಸಿಕ್ಕಿದ್ದು ಮಾಮನ ಮಷಿನ್‌ನಲ್ಲೇ. ಬಣ್ಣ ಎದ್ದ ಜಾಗದ ಸುತ್ತ ಪ್ರೈಮರ್‌ನ ಸಣ್ಣ ಬೂದು ಉಂಗುರ ಇತ್ತು. ಬೇಸ್ ಕಲರ್‌ನಲ್ಲಿ ನಾಲ್ಕೈದು ಪಿಕ್ಸೆಲ್ ಅಗಲದ ಅಂಥದ್ದೇ ಉಂಗುರ ಹಾಕಿದೆ. ಅದರ ಬೂದು ಒಳಗಿನ ಲೋಹದ ಬೂದಿನಷ್ಟೇ, ಲೀನಿಯರ್‌ನಲ್ಲಿ, ಅಂದರೆ ಬೆಳಕಿನ ನಿಜವಾದ ಪ್ರಮಾಣದಲ್ಲಿ, ಸುಮಾರು 0.56. ಈಗ ಮೆಟಾಲಿಕ್‌ನ ಅರೆ ಪಿಕ್ಸೆಲ್ ಬೀಳುವುದು ಈ ಉಂಗುರದ ಮೇಲೆ. ಅಲ್ಲಿ ಕಪ್ಪಿದ್ದರೂ ಬಿಳಿ ಇದ್ದರೂ ಬೂದು ಒಂದೇ, ಗೆರೆ ಹುಟ್ಟಲ್ಲ. ನೋಡುವವರಿಗೆ ಅದು ಪ್ರೈಮರ್, ನನಗೆ ರಿಪೇರಿ.

ನಡುವೆ ಸಂಡೂರಿನ ಅದಿರಿನ ಕಡೆಗೂ ಹೋದೆ. ಕೆಲಸಕ್ಕೆ ಬೇಕಾಗಿರಲಿಲ್ಲ, ಮನಸ್ಸು ತಡೆಯಲಿಲ್ಲ. ನಮ್ಮ ಊರಿನ ಕೆಂಪು ಧೂಳು ಸುಲಭ, ಅದು ಕಬ್ಬಿಣದ ಆಕ್ಸೈಡ್, ಮೆಟಾಲಿಕ್ 0, ರಫ್‌ನೆಸ್ 0.9ರ ಮೇಲೆ. ಆದರೆ ಅದೇ ಹೆಮಟೈಟ್ ಗಟ್ಟಿ ಉಂಡೆಯಾಗಿದ್ದರೆ ಉಕ್ಕಿನ ಥರ ಮಿನುಗುತ್ತದೆ. ಮೆಟಾಲಿಕ್ 0 ಇಟ್ಟರೆ ಪ್ರತಿಫಲನ 0.04 ಮಾತ್ರ, ಕಲ್ಲಿದ್ದಲು ಕಂಡ ಹಾಗೆ ಕಾಣುತ್ತದೆ. 1 ಇಟ್ಟು ಕಬ್ಬಿಣದ ಬೂದು ಕೊಟ್ಟರೆ ಕ್ರೋಮ್ ತುಂಡು. ಹೆಮಟೈಟ್‌ನ ವಕ್ರೀಭವನಾಂಕ ಸುಮಾರು 3 ಅಂತ ಹಿಡಿದರೆ ಲೆಕ್ಕ ಹೀಗೆ:

```
((3 - 1) / (3 + 1))^2 = 0.25
```

ಅಂದರೆ ಮೆಟಾಲಿಕ್ 1, ಬೇಸ್ ಕಲರ್ ಲೀನಿಯರ್ 0.25ರ ಬೂದು. ಹಾಕಿ ನೋಡಿದೆ, ಕೈಯಲ್ಲಿರುವ ಉಂಡೆ ಥರವೇ ಬಂತು. ಲೋಹ ಅಲ್ಲದ್ದಕ್ಕೆ ಬಿಳಿ ಕೊಟ್ಟ ಒಂದೇ ಜಾಗ ಇದು.

ಇನ್ನು ಎಂಜಿನ್‌ಗೆ ಹೋದಾಗಿನ ಕಥೆ. ಸಂದುಗಳ ನೆರಳಿನ ಮ್ಯಾಪ್ ಆದ ಎಒ ಕೆಂಪಿನಲ್ಲಿ, ರಫ್‌ನೆಸ್ ಹಸಿರಿನಲ್ಲಿ, ಮೆಟಾಲಿಕ್ ನೀಲಿಯಲ್ಲಿ ಪ್ಯಾಕ್ ಮಾಡಿ ಕಳಿಸಿದೆ. ಅಲ್ಲಿಂದ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಮಷಿನ್ ಮಳೆಯಲ್ಲಿ ನೆನೆದ ಹಾಗಿತ್ತು. "ನೋಡಿ, ಕೈಯಲ್ಲಿ ಮಾಡಿದರೆ ಹೀಗೇ" ಅಂತ ಮಾತು ಬಂತು. ನನ್ನ ಫೈಲ್ ಸರಿ ಇತ್ತು. ಇಂಪೋರ್ಟ್ ಮಾಡುವಾಗ, ಬಣ್ಣದ ಚಿತ್ರಕ್ಕೆ ಮಾತ್ರ ಬೇಕಾದ `sRGB` ಟಿಕ್ ಹಾಗೇ ಉಳಿದಿತ್ತು. ಆಗ 0.5 ಅನ್ನುವ ಬೂದನ್ನು ಎಂಜಿನ್ 0.21 ಅಂತ ಓದುತ್ತದೆ, ಎಲ್ಲಾ ಒದ್ದೆ ಒದ್ದೆ. ಇದು ಬೇಗ ಸಿಕ್ಕಿಬೀಳದಿರಲು ಕಾರಣ ಮೆಟಾಲಿಕ್. 0 ಮತ್ತು 1 ಈ ತಿರುವಿನಲ್ಲಿ ಬದಲಾಗುವುದೇ ಇಲ್ಲ, ಲೋಹ ಬಣ್ಣ ಎರಡೂ ಅದರದರ ಜಾಗದಲ್ಲಿ ಸರಿಯಾಗಿ ಕಾಣುತ್ತವೆ. ಹಾಗಾಗಿ ಎಲ್ಲರೂ ಬೈಯುವುದು ಕಲಾವಿದನನ್ನು.

ಈಗ ನಾನು ಪ್ರತಿ ಫೈಲಿನ ಬಳಸದ ಮೂಲೆಯಲ್ಲಿ 128ರ ಬೂದು ಚೌಕ ಇಡುತ್ತೇನೆ. ಪಕ್ಕದಲ್ಲಿ ರಫ್‌ನೆಸ್ 0.5 ಅಂತ ಸಂಖ್ಯೆಯನ್ನೇ ಟೈಪ್ ಮಾಡಿದ ಒಂದು ಹಲಗೆ. ಚೌಕವನ್ನು ಇನ್ನೊಂದು ಹಲಗೆಗೆ ಹಚ್ಚಿ ನೋಡಿದರೆ ಎರಡೂ ಒಂದೇ ಥರ ಹೊಳೆಯಬೇಕು. ಇಲ್ಲದಿದ್ದರೆ ಮುಂದೆ ಹೋಗುವ ಹಾಗಿಲ್ಲ. ಇದಕ್ಕೆ ಇಡಬೇಕಾದ ಸೆಟ್ಟಿಂಗ್ ಬ್ಲೆಂಡರ್‌ನಲ್ಲಿ `Non-Color`, ಅನ್‌ರಿಯಲ್‌ನಲ್ಲಿ `Masks (no sRGB)`. ಈ ಎರಡನೆಯದರಲ್ಲಿ ಮೂರೂ ಚಾನೆಲ್ ಒಂದೇ ಬ್ಲಾಕ್‌ನಲ್ಲಿ ಹಿಂಡಿ, ಮೆಟಾಲಿಕ್ ಅಂಚಿನ ಹತ್ತಿರ ರಫ್‌ನೆಸ್ ಚೌಕ ಚೌಕ ಒಡೆದಿತ್ತು. ಇದಕ್ಕಿಂತ ಒಳ್ಳೆ ಕಂಪ್ರೆಷನ್ ಆದ `BC7`ಗೆ ಬದಲಾಯಿಸಿದರು, ಸರಿಹೋಯಿತು. ಮಿಪ್‌ಮ್ಯಾಪ್ ಬಿಟ್ಟು ಲೆಕ್ಕ ಹಾಕಿದರೆ 2ಕೆ ಫೈಲ್ 2 ಎಂಬಿ ಇದ್ದದ್ದು 4 ಆಯಿತು. ಹತ್ತಿರದಿಂದ ನೋಡುವ ಪ್ರಾಪ್‌ಗೆ ಅಷ್ಟು ಕೊಡಬಹುದು ಅಂತ ನನ್ನ ವಾದ, ಅವರೂ ಒಪ್ಪಿದರು.

ದುಡ್ಡಿನ ಲೆಕ್ಕ ಕೇಳಿದರೆ, ಎರಡನೇ ಸಲಕ್ಕೆ ಸಾಫ್ಟ್‌ವೇರ್ ಖರ್ಚು ಸೊನ್ನೆ. ಕ್ರಿತಾ, ಬ್ಲೆಂಡರ್ ಎರಡೂ ಉಚಿತ. ಪ್ರಾಪ್‌ಗೆ ಹದಿನೆಂಟು ಇಪ್ಪತ್ತು ಸಾವಿರ ಬಂತು. ಹೆಚ್ಚು ಹೋಗಿದ್ದು ಸಮಯ, ಮೊದಲ ಮಷಿನ್‌ಗೆ ಸ್ಮಾರ್ಟ್ ಮೆಟೀರಿಯಲ್‌ಗಿಂತ ನಾಲ್ಕು ಪಟ್ಟಾದರೂ ಹಿಡಿಯಿತು. ಆದರೆ ಟ್ಯೂಬ್ ಸೀನ್, ಪಟ್ಟಿ ಎರಡೂ ಈಗ ತಯಾರಿವೆ. ಅದೇ ಸ್ಟುಡಿಯೋ ಬಟನ್ ಹಾಕುವ ಮಷಿನ್, ಇಸ್ತ್ರಿ ಪೆಟ್ಟಿಗೆ, ಕತ್ತರಿ ಮೂರನ್ನೂ ಒಟ್ಟಿಗೆ ಕೊಟ್ಟಿದೆ. ಈ ಸಲ ರೇಟ್ ನಾನೇ ಹೇಳಿದ್ದು.